ಸಹಾಯ ಬೇಕು: ಫೋಟೋಗೆ ಸೇರಿಸಿದ ಚಿಕ್ಕಪ್ಪನ ಮೇಲಿನ ಬೆಳಕು ಹೊಂದುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಕರಿಘಟ್ಟದ ಮೇಲೆ ಸಂಜೆ ತೆಗೆದ ಮನೆಯವರ ಗ್ರೂಪ್ ಫೋಟೋ ಇದೆ. ಅವತ್ತು ಚಿಕ್ಕಪ್ಪ ಬಂದಿರಲಿಲ್ಲ. ಅವರನ್ನು ಫೋಟೋಶಾಪ್‌ನಲ್ಲಿ ಸೇರಿಸಿಕೊಡು ಅಂತ ಅಜ್ಜಿಯ ಆಸೆ. ಕಟಿಂಗ್ ಚೆನ್ನಾಗಿ ಬಂದಿದೆ, ತೊಂದರೆ ಬೆಳಕಿನದು.

ಗ್ರೂಪ್ ಫೋಟೋದಲ್ಲಿ ಬಿಸಿಲು ಎಡಗಡೆಯಿಂದ, ಓರೆಯಾಗಿ ಬೀಳುತ್ತಿದೆ. ಚಿಕ್ಕಪ್ಪನ ಫೋಟೋ ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ ತೆಗೆದದ್ದು. ಬೆಳಕು ಬಲಗಡೆಯಿಂದ, ಮುಖದಲ್ಲಿ ಸ್ವಲ್ಪ ಹಸಿರು ಛಾಯೆ.

ಮೊದಲು ಫ್ಲಿಪ್ ಮಾಡಿದೆ. ದಿಕ್ಕು ಸರಿಹೋಯಿತು, ಆದರೆ ಶರ್ಟಿನ ಜೇಬು ಬಲಕ್ಕೆ ಬಂತು, ಬೈತಲೆಯೂ ಬದಲಾಯಿತು. ಅಜ್ಜಿಗೆ ತಕ್ಷಣ ಗೊತ್ತಾಗುತ್ತೆ, ಅಲ್ವಾ! ಫ್ಲಿಪ್ ಮಾಡದೆ, ಸಾಫ್ಟ್ ಲೈಟ್ ಮೋಡ್‌ನ ಬೂದು ಲೇಯರ್ ಮೇಲೆ ಡಾಡ್ಜ್, ಬರ್ನ್ ಮಾಡಿದೆ. ಕೆನ್ನೆ ಪರವಾಗಿಲ್ಲ, ಮೂಗಿನ ನೆರಳು ಮಾತ್ರ ತಪ್ಪು ಕಡೆಯೇ ಉಳಿಯಿತು.

ಬಣ್ಣಕ್ಕೆ ವಾರ್ಮಿಂಗ್ ಫೋಟೋ ಫಿಲ್ಟರ್ ಹಾಕಿದರೆ ಇಡೀ ಮನುಷ್ಯ ಅರಿಶಿನ ಹಚ್ಚಿದ ಹಾಗೆ ಕಾಣುತ್ತಾರೆ. ಪಕ್ಕದಲ್ಲಿರುವ ಮಾವನ ಬಿಳಿ ಪಂಚೆ ಜೂಮ್ ಮಾಡಿ ನೋಡಿದೆ. ಬಿಸಿಲು ಬಿದ್ದ ಕಡೆ ಹಳದಿ, ಮಡಿಕೆಯ ನೆರಳಲ್ಲಿ ನೀಲಿ. ನೆರಳಿಗೆ ಆಕಾಶದ ಬೆಳಕು ತಾನೇ ಬೀಳೋದು. ಹಾಗಾಗಿ ಒಂದೇ ಫಿಲ್ಟರ್ ಸಾಲದು ಅನಿಸುತ್ತಿದೆ.

ನನ್ನ ಪ್ರಶ್ನೆ ಎರಡು. ಮೊದಲು ಮೆಜೆಂಟಾ ಸೇರಿಸಿ ಹಸಿರು ತೆಗೆದು, ಆಮೇಲೆ ಕಲರ್ ಬ್ಯಾಲೆನ್ಸ್‌ನಲ್ಲಿ ಹೈಲೈಟ್‌ಗೆ ಹಳದಿ, ಶ್ಯಾಡೋಗೆ ನೀಲಿ ಕೊಡಬೇಕಾ? ಮೂಗಿನ ನೆರಳಿಗೆ ಫ್ಲಿಪ್ ಮಾಡಿ ಜೇಬು, ಬೈತಲೆ ತಿದ್ದೋದು ವಾಸಿಯಾ, ಅಥವಾ ಎಡಗಡೆ ಬೆಳಕಿರುವ ಬೇರೆ ಫೋಟೋನೇ ಹುಡುಕಬೇಕಾ?