ಸಹಾಯ ಬೇಕು: ಕಂಪ್ಲೇಂಟ್ ಮುಗೀತು, ಸೋಮವಾರದಿಂದ ಅದೇ ಟೀಮ್‌ಗೆ ವಾಪಸ್

ಎಲ್ರಿಗೂ ನಮಸ್ಕಾರ. ಟೀಮ್ ಲೀಡ್ ಮೇಲೆ ಪಾಶ್, ಅಂದ್ರೆ ಕೆಲಸದ ಜಾಗದ ಲೈಂಗಿಕ ಕಿರುಕುಳದ ಕಂಪ್ಲೇಂಟ್ ಕೊಟ್ಟಿದ್ದೆ, ಇಂಟರ್ನಲ್ ಕಮಿಟಿಲಿ ಆರೋಪ ಸಾಬೀತಾಗಿ ಅವರಿಗೆ ಲಿಖಿತ ಎಚ್ಚರಿಕೆ ಕೊಟ್ಟಿದಾರೆ, ಈಗ ನಾನು ಅದೇ ಟೀಮ್‌ಗೆ ವಾಪಸ್ ಹೋಗ್ಬೇಕು. ವಿಚಾರಣೆ ನಡೀತಿದ್ದಾಗ ನನ್ನ ಅಪ್ರೈಸಲ್ ಬೇರೆ ಮ್ಯಾನೇಜರ್ ನೋಡ್ತಿದ್ರು, ಆದ್ರೆ 2013ರ ಕಾಯ್ದೆಲಿ ಆ ಮಧ್ಯಂತರ ವ್ಯವಸ್ಥೆ ವಿಚಾರಣೆ ಮುಗಿಯೋವರೆಗೆ ಮಾತ್ರ. ಅಂದ್ರೆ ಮುಂದಿನ ರೇಟಿಂಗ್ ಮತ್ತೆ ಆ ಟೀಮ್ ಲೀಡ್ ಕೈಲೇ! ಬೇರೆ ಮ್ಯಾನೇಜರೇ ನೋಡೋದನ್ನ ಮುಂದುವರಿಸಿ ಅಂತ ಎಚ್‌ಆರ್‌ಗೆ ಮೇಲ್ ಹೇಗೆ ಬರೀಲಿ? ಇಬ್ಬರೇ ಕೂರೋ ಮೀಟಿಂಗ್ ಬೇಡ, ಮೂರನೆಯವರೊಬ್ರು ಇರ್ಲಿ, ಕೆಲಸ ಹೇಳೋದೆಲ್ಲ ಟಿಕೆಟ್‌ನಲ್ಲೇ ಬರ್ಲಿ ಅಂತ ಕೇಳೋಣ ಅಂದ್ಕೊಂಡಿದೀನಿ, ಜಾಸ್ತಿ ಆಯ್ತಾ? ಇನ್ನೊಂದು, ಟೀಮ್‌ನವರು ಏನಾಯ್ತು ಅಂತ ಕೇಳೇ ಕೇಳ್ತಾರೆ, ಅದೇ ಕಾಯ್ದೆಯ ಸೆಕ್ಷನ್ 16 ಇರೋದ್ರಿಂದ ವಿವರ ಹೇಳೋ ಹಾಗಿಲ್ಲ, ಸಂಬಂಧ ಕೆಡದ ಹಾಗೆ ಏನಂತ ಉತ್ತರ ಕೊಡೋದು? ಹೀಗೆ ವಾಪಸ್ ಹೋದವರು ಇದ್ರೆ ದಯವಿಟ್ಟು ಹೇಳಿ.