ಪದಚರ್ಚೆ: ಕ್ರಾನ್ ಸಾಲಿನ */2 ಅಂದರೆ ‘ದಿನ ಬಿಟ್ಟು ದಿನ’ವೇ?

ಎಲ್ಲರಿಗೂ ನಮಸ್ಕಾರ.

ಕಚೇರಿಯ ಸರ್ವರ್ ನೋಡಿಕೊಳ್ಳುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಬರೆದ ಬ್ಯಾಕಪ್ಪಿನ ಈ ಸಾಲಿಗೆ ಬಂದು ಸಿಕ್ಕಿಕೊಂಡಿದ್ದೇನೆ. ಅದರ ಐದು ಜಾಗಗಳು ಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ:

```
0 2 */2 * * /opt/bin/backup.sh
```

“ದಿನ ಬಿಟ್ಟು ದಿನ, ರಾತ್ರಿ 2 ಗಂಟೆಗೆ” ಎಂದು ಬರೆದಿದ್ದೆ. ಆದರೆ ಆಗಸ್ಟ್ 31ರಂದು ಬ್ಯಾಕಪ್ ಆಯಿತು, ಮರುದಿನ ಸೆಪ್ಟೆಂಬರ್ 1ರಂದು ಮತ್ತೆ ಆಯಿತು. “ಸಾರ್, ದಿನ ಎಲ್ಲಿ ಬಿಡ್ತು?” ಅಂತ ಹುಡುಗರು ಕೇಳುತ್ತಿದ್ದಾರೆ. ಈ ಓರೆಗೆರೆಗೆ ಸರಿಯಾದ ಕನ್ನಡ ಯಾವುದು? ಮೆಟ್ಟಿಲು, ಹೆಜ್ಜೆ, ಅಂತರ ಎಲ್ಲ ಯೋಚಿಸಿದೆ.

ಶಿವಮೊಗ್ಗದಿಂದ, ನಿವೃತ್ತ ಕನ್ನಡ ಮೇಷ್ಟ್ರು:

ಇದು ನಮ್ಮ ಎಣಿಕೆಯ ಹಳೇ ಜಗಳ. ವಾರಕ್ಕೊಮ್ಮೆ ಬರುವವನನ್ನು ‘ಎಂಟು ದಿನಕ್ಕೊಮ್ಮೆ’ ಬರುತ್ತಾನೆ ಅನ್ನುತ್ತೇವೆ, ಎರಡು ವಾರಕ್ಕೆ ‘ಹದಿನೈದು ದಿನ’ ಅನ್ನುತ್ತೇವೆ. ಹೊರಟ ದಿನವನ್ನೂ ಸೇರಿಸಿ ಎಣಿಸುವುದು ರೂಢಿ. ನಿಮ್ಮ ಯಂತ್ರವೂ ಹಾಗೇ ಎಣಿಸುತ್ತಿರಬೇಕು.

ಹುಬ್ಬಳ್ಳಿಯಿಂದ:

ಮೇಷ್ಟ್ರೇ, ಅದು ಎಣಿಕೆಯ ತಕರಾರಲ್ಲ. ತಿಂಗಳು ಬದಲಾದ ಕೂಡಲೇ ಮತ್ತೆ ಒಂದರಿಂದ ಶುರು ಆಗತದ, ಅಷ್ಟ. ಅದಕ್ಕ ನಾನು `2-31/2` ಅಂತ ಹಾಕತೀನಿ. 2, 4, 6 ಅಂತ 30ರ ತನಕ ಹೋಗತದ. ಎರಡು ದಿನ ಒಂದಕ್ಕೊಂದು ಅಂಟಿಕೊಂಡು ಬರೂದೇ ಇಲ್ಲ.

ಬೆಂಗಳೂರಿನಿಂದ:

ಅಂಟಿಕೊಳ್ಳುವುದಿಲ್ಲ, ನಿಜ. ಆದರೆ ಆಗಸ್ಟ್ 30 ಆದಮೇಲೆ ಮುಂದಿನದು ಸೆಪ್ಟೆಂಬರ್ 2. ನಡುವೆ ಎರಡು ದಿನ ಖಾಲಿ. 31 ದಿನದ ತಿಂಗಳು ಮುಗಿದಾಗಲೆಲ್ಲ ಇದೇ ಕತೆ.

ನನ್ನ ಪ್ರಕಾರ ಆ ಗುರುತಿಗೆ ‘ಇಷ್ಟು ದಿನಕ್ಕೊಮ್ಮೆ’ ಎಂಬ ಅರ್ಥವೇ ಇಲ್ಲ. ಕ್ರಾನ್‌ಗೆ ಹಿಂದಿನ ಸಲ ಯಾವಾಗ ಓಡಿದೆ ಎಂಬ ನೆನಪಿಲ್ಲ. ಪ್ರತಿ ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಈಗಿನ ಅಂಕಿ ಪಟ್ಟಿಯಲ್ಲಿದೆಯೇ ಅಂತ ಕೇಳುತ್ತದೆ. ತಾರೀಖಿನ ಪಟ್ಟಿ 1ರಿಂದ ಶುರು, ಹಾಗಾಗಿ ಅಲ್ಲಿ `*/2` ಅಂದರೆ ಬೆಸ ತಾರೀಖು. ನಿಮಿಷದ ಪಟ್ಟಿ ಸೊನ್ನೆಯಿಂದ ಶುರು, ಅಲ್ಲಿ ಅದೇ `*/2` ಸಮ ನಿಮಿಷ. ಒಂದೇ ಗುರುತು, ಒಂದು ಕಡೆ ಬೆಸ, ಇನ್ನೊಂದು ಕಡೆ ಸಮ! ನಿಮಿಷದ ಜಾಗದಲ್ಲಿ `*/45` ಹಾಕಿದರೂ ‘ಮುಕ್ಕಾಲು ಗಂಟೆಗೊಮ್ಮೆ’ ಆಗುವುದಿಲ್ಲ. ಗಂಟೆಗೆ ಸರಿಯಾಗಿ ಒಮ್ಮೆ, ಮುಕ್ಕಾಲಿಗೆ ಒಮ್ಮೆ ಓಡುತ್ತದೆ. ಒಂದು ಬಿಡುವು 45 ನಿಮಿಷ, ಇನ್ನೊಂದು ಕಾಲು ಗಂಟೆ.

ನಿಜವಾಗಿ ದಿನ ಬಿಟ್ಟು ದಿನವೇ ಬೇಕಿದ್ದರೆ ದಿನಾ ಎಬ್ಬಿಸಿ, ಒಳಗೆ ಲೆಕ್ಕ ಹಾಕಿಸಿ:

```
0 2 * * * [ $(( $(date +\%s) / 86400 \% 2 )) -eq 0 ] && /opt/bin/backup.sh
```

`%`ಗಿಂತ ಮೊದಲು ಬರುವ `\` ಗುರುತನ್ನು ಬಿಡಬೇಡಿ. ಬಿಟ್ಟರೆ ಕ್ರಾನ್ ಆ `%` ಅನ್ನು ಹೊಸ ಸಾಲು ಅಂದುಕೊಂಡು ಆದೇಶವನ್ನು ಅಲ್ಲಿಗೇ ಕತ್ತರಿಸುತ್ತದೆ.

ಮಂಗಳೂರಿನಿಂದ:

ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ನಾನು ಸೋತದ್ದು ‘ಸೋಮವಾರದಿಂದ ಶುಕ್ರವಾರ’ದಲ್ಲಿ. ಆ ದಿನಗಳಲ್ಲಿ ಬೆಳಗಿನ ಜಾವ 3:30ಕ್ಕೆ ವರದಿ ತಯಾರಾಗಬೇಕಿತ್ತು. `30 3 * * 1-5` ಹಾಕಿದೆ, ವರದಿ ಬಂದದ್ದು 9 ಗಂಟೆಗೆ. ಸರ್ವರಿನ ಗಡಿಯಾರ ಯುಟಿಸಿಯಲ್ಲಿತ್ತು, ನಮಗಿಂತ ಐದೂವರೆ ಗಂಟೆ ಹಿಂದೆ. ಸರಿ, ಐದೂವರೆ ಕಳೆದು `0 22 * * 1-5` ಮಾಡಿದೆ. ಗಂಟೆ ಸರಿಹೋಯಿತು, ಸೋಮವಾರದ ವರದಿಯೇ ನಾಪತ್ತೆ! ಶನಿವಾರ ಕೇಳದೆಯೇ ಒಂದು ಬಂತು. ನಮ್ಮ ಸೋಮವಾರದ ನಸುಕು ಅಲ್ಲಿನ್ನೂ ಭಾನುವಾರ ರಾತ್ರಿ ಅಲ್ಲವೇ? ವಾರವನ್ನೂ ಒಂದು ದಿನ ಹಿಂದೆ ಸರಿಸಬೇಕಿತ್ತು:

```
0 22 * * 0-4
```

ಈಗ ಇದನ್ನು ಓದಿದವರು “ಭಾನುವಾರ ಯಾಕೆ ಓಡಿಸ್ತೀರಿ” ಅಂತ ಬೈಯುತ್ತಾರೆ. ಯಾವ ಊರಿನ ಗಡಿಯಾರ ಎಂದು ಕ್ರಾನ್‌ಗೆ ಹೇಳುವ `CRON_TZ` ಬರೆದರೆ ಸಾಕಲ್ಲ?

ಬೆಂಗಳೂರಿನಿಂದ, ಮತ್ತೆ:

ಯಾವ ಕ್ರಾನ್ ಎನ್ನುವುದರ ಮೇಲಿದೆ. ರೆಡ್ ಹ್ಯಾಟ್ ಕಡೆಯ ಕ್ರೋನಿಯಲ್ಲಿ ನಡೆಯುತ್ತದೆ, ಡೆಬಿಯನ್ನಿನ ಹಳೆಯ ಕ್ರಾನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನು ಜಾವಾದವರ ಕ್ವಾರ್ಟ್ಜ್‌ನಲ್ಲಿ ಭಾನುವಾರವೇ 1. ಅಲ್ಲಿ `1-5` ಅಂದರೆ ಗುರುವಾರಕ್ಕೇ ವಾರ ಮುಗಿಯಿತು.

ಶಿವಮೊಗ್ಗದಿಂದ, ಮೇಷ್ಟ್ರು:

ಮಂಗಳೂರಿನವರು ಬೈಗುಳಕ್ಕೆ ಅಂಜಬೇಕಿಲ್ಲ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ನಸುಕಿನ ಮೂರೂವರೆ ಅಂದರೆ ನಮ್ಮಲ್ಲೂ ಭಾನುವಾರವೇ! ಕೈಪಿಡಿಯಲ್ಲಿ ಮಾತ್ರ ‘ಭಾನುವಾರ ರಾತ್ರಿ’ ಎಂದಷ್ಟೇ ಬರೆಯಬೇಡಿ, ಯಾವ ಊರಿನ ಗಡಿಯಾರ ಅಂತಲೂ ಬರೆಯಿರಿ.

ಪ್ರಶ್ನೆ ಕೇಳಿದವನು:

‘ಬೆಸ ತಾರೀಖುಗಳಂದು’ ಎಂದು ತಿದ್ದಿದೆ, ಹುಡುಗರು ಒಪ್ಪಿದರು. ಆದರೆ ಮುಂದಿನ ಪುಟದಲ್ಲೇ ತಾರೀಖಿನ ಜಾಗದಲ್ಲಿ `*/5` ಕೂತಿದೆ. ಅಲ್ಲಿ ಬೆಸ, ಸಮ ಎರಡೂ ಆಗದು. ಸದ್ಯಕ್ಕೆ ‘1, 6, 11, 16, 21, 26, 31ನೇ ತಾರೀಖು’ ಎಂದು ಪಟ್ಟಿಯನ್ನೇ ಬರೆದಿದ್ದೇನೆ. ಇದಕ್ಕೊಂದು ಪದ ಯಾರಿಗಾದರೂ ಹೊಳೆದರೆ ಬರೆಯಿರಿ.