ಪದಚರ್ಚೆ: ‘ಕ್ರಾಪ್ ಮಾಡಿದ ಪಿಕ್ಸೆಲ್’ ಅಂದರೆ ಉಳಿದದ್ದೋ, ಹೋದದ್ದೋ?

ಮಡಿಕೇರಿಯಿಂದ

ಎಲ್ಲರಿಗೂ ನಮಸ್ಕಾರ.

ಫೋಟೋ ತಿದ್ದುವ ಗಿಂಪ್ ತಂತ್ರಾಂಶದ ಕ್ರಾಪ್ ಉಪಕರಣದ ಆಯ್ಕೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಮೊದಲು ಬರೆದುಕೊಂಡದ್ದು ಹೀಗಿತ್ತು:

```
msgid "Delete cropped pixels"
msgstr "ಕ್ರಾಪ್ ಮಾಡಿದ ಪಿಕ್ಸೆಲ್‌ಗಳನ್ನು ಅಳಿಸು"
```

ಓದಿದರೆ ಸರಿಯಾಗೇ ಇದೆ ಅನ್ನಿಸುತ್ತದೆ. ಆದರೆ ನಮ್ಮ ಅಂಗಡಿಯ ಹುಡುಗನಿಗೆ ತೋರಿಸಿದೆ. ‘ಕ್ರಾಪ್ ಮಾಡಿದ ಫೋಟೋನೇ ಅಳಿಸಿಹೋಗುತ್ತಾ ಅಣ್ಣ?’ ಎಂದು ಕೇಳಿದ. ಅವನು ಕೇಳಿದ್ದು ಸರಿ. ಕನ್ನಡದಲ್ಲಿ ಈ ಬಗೆಯ ಮಾತು ಎರಡೂ ಕಡೆಗೆ ಹೋಗುತ್ತದೆ. ‘ಸುಲಿದ ಕಿತ್ತಳೆ’ ಅಂದರೆ ಕೈಯಲ್ಲಿ ಉಳಿದ ತೊಳೆ. ‘ಸುಲಿದ ಸಿಪ್ಪೆ’ ಅಂದರೆ ಎಸೆಯುವುದು. ಪದ ಒಂದೇ, ‘ಸುಲಿದ’. ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಹೇಳುವುದು ಮುಂದಿನ ಪದ. ‘ಪಿಕ್ಸೆಲ್’ ಅನ್ನುವುದು ತೊಳೆಯೂ ಆಗಬಹುದು, ಸಿಪ್ಪೆಯೂ ಆಗಬಹುದು.

ಇನ್ನೊಂದು ತೊಡಕೂ ಇದೆ. ಟಿಕ್ ಹಾಕದಿದ್ದರೆ ಏನಾಗುತ್ತದೆ ಎಂದು ಈ ಸಾಲು ಹೇಳುವುದೇ ಇಲ್ಲ. ಹೊರಗಿನ ಭಾಗ ಎಲ್ಲೂ ಹೋಗುವುದಿಲ್ಲ, ಪದರದಲ್ಲೇ ಇರುತ್ತದೆ. ಕ್ಯಾನ್ವಾಸ್ ಮಾತ್ರ ಚಿಕ್ಕದಾಗುತ್ತದೆ. ಈ ಸ್ಥಿತಿಗೆ ಕನ್ನಡದಲ್ಲಿ ಏನು ಹೇಳೋಣ? ‘ಮರೆಯಾದ’, ‘ಅಡಗಿದ’, ‘ಹೊರಗುಳಿದ’, ಯಾವುದು ಹೊಂದುತ್ತದೆ?

ಇಷ್ಟು ಯಾಕೆ ಕೇಳುತ್ತಿದ್ದೇನೆ ಅಂದರೆ, ಈ ಒಂದು ಟಿಕ್‌ನಿಂದ ಹೋದ ತಿಂಗಳು ನಮಗೆ ಪೂರಾ ಎರಡು ದಿನದ ಕೆಲಸ ಹೋಯಿತು. ಒಂದು ಕುಟುಂಬದವರು ಐನ್‌ಮನೆ ಮುಂದೆ ತೆಗೆಸಿದ ಗುಂಪು ಫೋಟೋ ತಂದಿದ್ದರು. ಮೂಲ ಚಿತ್ರ 6000×4000 ಪಿಕ್ಸೆಲ್. ಅದನ್ನು ಅಡ್ಡ ಎ4 ಅಳತೆಗೆ, ಇಂಚಿಗೆ 300ರಂತೆ, 3508×2480ಕ್ಕೆ ಕ್ರಾಪ್ ಮಾಡಿದೆವು. ಹುಡುಗ ‘ಅಂಚು ನೀಟಾಗಿ ಬರಲಿ’ ಎಂದು ಆ ಟಿಕ್ ಹಾಕಿದ್ದ. ಆಮೇಲೆ ಬಣ್ಣ ಸರಿಮಾಡಿದೆವು. ಮುಖದ ಮೇಲಿನ ನೆರಳು ತೆಗೆದೆವು. ಹಿಂದಿದ್ದ ಕರೆಂಟ್ ತಂತಿ ಅಳಿಸಿದೆವು. ಎಲ್ಲ ಮುಗಿದ ಮೇಲೆ ಪ್ರೆಸ್‌ನವರು ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಕಾಗದ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು, ಬೇಕು ಅಂದರು. ಅಂದರೆ ಒಂದೊಂದು ಕಡೆಗೆ ಸುಮಾರು 36 ಪಿಕ್ಸೆಲ್ ಜಾಸ್ತಿ. ಅಷ್ಟೇ. ಆದರೆ ಆ 36 ಪಿಕ್ಸೆಲ್ ನಮ್ಮ ಹತ್ತಿರ ಇರಲಿಲ್ಲ. ಕಡತ ಮುಚ್ಚಿ ತೆರೆದಾಗಿತ್ತು. ಹಿಂದಿನ ಹೆಜ್ಜೆಗಳು ಗಿಂಪ್‌ನ XCF ಕಡತದಲ್ಲಿ ಉಳಿಯುವುದಿಲ್ಲ ಅಲ್ವಾ, ಹಾಗಾಗಿ ಅನ್‌ಡೂ ಕೂಡ ಆಗಲಿಲ್ಲ. ಕ್ಯಾಮೆರಾದ ಮೂಲ ಚಿತ್ರದಿಂದ ಮತ್ತೆ ಶುರು ಮಾಡಬೇಕಾಯಿತು.

ಸರಿಯಾದ ಪದ ಇದ್ದಿದ್ದರೆ ಅವನು ಟಿಕ್ ಹಾಕುತ್ತಿರಲಿಲ್ಲ. ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ.

ಸೋಮವಾರಪೇಟೆಯಿಂದ

ನಮಸ್ಕಾರ. ‘ಕ್ರಾಪ್’ಗೆ ನಮ್ಮಲ್ಲಿ ಒಳ್ಳೆಯ ಪದವೇ ಇದೆ, ಕಪಾತು. ಕಾಫಿ ಗಿಡಕ್ಕೆ, ನೆರಳಿನ ಮರಕ್ಕೆ ಪ್ರತಿ ವರ್ಷ ಮಾಡುತ್ತೇವೆ. ಬೇಡದ ರೆಂಬೆ ತೆಗೆದು ಗಿಡಕ್ಕೆ ಆಕಾರ ಕೊಡುವುದು. ‘ಕತ್ತರಿಸು’ ಅಂದರೆ ಕಟ್ ಮಾಡಿ ಬೇರೆ ಕಡೆ ಅಂಟಿಸುವುದಕ್ಕೆ ಈಗಾಗಲೇ ಬಳಕೆಯಲ್ಲಿದೆ. ಆದ್ದರಿಂದ ಕ್ರಾಪ್‌ಗೆ ಬೇರೆ ಪದ ಬೇಕೇ ಬೇಕು.

ಆದರೆ ನಿಮ್ಮ ಎರಡನೇ ಪ್ರಶ್ನೆ ನನಗೆ ಸರಿ ಕಾಣಲಿಲ್ಲ. ಕಪಾತು ಆದಮೇಲೆ ರೆಂಬೆ ಹೋಯಿತು. ಅಡಗಿ ಕೂರುವುದು ಅಂತ ಇಲ್ಲ. ನಾನು ಎಷ್ಟೋ ಫೋಟೋ ಕ್ರಾಪ್ ಮಾಡಿ ಜೆಪೆಗ್ ಮಾಡಿದ್ದೇನೆ. ಮತ್ತೆ ತೆರೆದರೆ ಹೊರಗಿನ ಭಾಗ ಎಲ್ಲೂ ಇರುವುದಿಲ್ಲ. ಟಿಕ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಪೊನ್ನಂಪೇಟೆಯಿಂದ

ನಾನು ಶಾಲೆಯ ವಾರ್ಷಿಕ ಪತ್ರಿಕೆಗೆ ಮಕ್ಕಳ ಫೋಟೋಗಳಿಂದ ಹಿನ್ನೆಲೆ ಅಳಿಸುತ್ತೇನೆ. ಕೂದಲಿನ ಸುತ್ತ ಬಿಳಿ ಗೆರೆ ಉಳಿದುಬಿಡುತ್ತದೆ. ಈ ಟಿಕ್ ಹಾಕಿದರೆ ಅದೂ ಹೋಗುತ್ತದೆಯೇ? ಹಾಗಿದ್ದರೆ ‘ಸುತ್ತಲಿನದನ್ನು ಅಳಿಸು’ ಅನ್ನಬಹುದು.

ವಿರಾಜಪೇಟೆಯಿಂದ

ಪೊನ್ನಂಪೇಟೆ ಮೇಡಂ, ಇದು ಹಿನ್ನೆಲೆಯ ವಿಷಯ ಅಲ್ಲ. ಕ್ರಾಪ್ ನೋಡುವುದು ನೇರ ಅಂಚಿನ ಚೌಕ ಮಾತ್ರ. ಕೂದಲಿನ ಗೆರೆ ಚೌಕದ ಒಳಗೇ ಇರುತ್ತದೆ, ಅದು ಹಾಗೇ ಉಳಿಯುತ್ತದೆ. ಆದರೆ ನೀವು ‘ಸುತ್ತಲಿನ’ ಎಂದು ಓದಿಕೊಂಡದ್ದು ನಮಗೊಂದು ಎಚ್ಚರಿಕೆ. ಆ ಪದ ಬೇಡ ಎಂದು ಗೊತ್ತಾಯಿತು.

ಸೋಮವಾರಪೇಟೆ ಸರ್, ಜೆಪೆಗ್ ವಿಷಯದಲ್ಲಿ ನೀವು ಹೇಳಿದ್ದು ನಿಜ. ಅದರಲ್ಲಿ ಪದರಗಳೇ ಇಲ್ಲ. ಕ್ಯಾನ್ವಾಸ್ ಒಳಗೆ ಕಂಡದ್ದು ಮಾತ್ರ ಹೋಗುತ್ತದೆ. ಹಾಗಾಗಿ ಜೆಪೆಗ್ ತೆರೆದು ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. XCF ಅಥವಾ PSD ಆಗಿ ಉಳಿಸಿ ನೋಡಿ. ಟಿಕ್ ಇಲ್ಲದೆ ಕ್ರಾಪ್ ಮಾಡಿ, `View → Show All` ಒತ್ತಿ. ಕ್ಯಾನ್ವಾಸ್‌ನ ಆಚೆಗೆ ಇಡೀ ಫೋಟೋ ಕಾಣುತ್ತದೆ. ಆ ಸೌಲಭ್ಯ ಇಲ್ಲದ ಹಳೆಯ ಗಿಂಪ್ ಆದರೆ ಮೂವ್ ಉಪಕರಣದಿಂದ ಪದರವನ್ನು ಸ್ವಲ್ಪ ಪಕ್ಕಕ್ಕೆ ಎಳೆಯಿರಿ. ಚಿತ್ರ ಮುಂದುವರಿದರೆ ಪಿಕ್ಸೆಲ್ ಇದೆ. ಬರೀ ಚೌಕುಳಿ ಕಂಡರೆ ಹೋಗಿದೆ. ಫೋಟೋಶಾಪ್‌ನಲ್ಲೂ ಇದೇ ಹೆಸರಿನ ಟಿಕ್ ಇದೆ. ಅಲ್ಲಿ ಅಡಗಿದ್ದನ್ನು ಹೊರಗೆ ತರುವುದು `Image → Reveal All`. ಗಿಂಪ್‌ನಲ್ಲಿ `Image → Fit Canvas to Layers`.

ಮಡಿಕೇರಿಯವರ ಬ್ಲೀಡ್ ಕಷ್ಟ ನನಗೆ ಚೆನ್ನಾಗಿ ಗೊತ್ತು. ಟಿಕ್ ಹಾಕದೆ ಇದ್ದಿದ್ದರೆ `Image → Canvas Size` ತೆರೆದು 3580×2552 ಬರೆದು, ಚಿತ್ರವನ್ನು ನಡುವಿಗೆ ಇಟ್ಟರೆ ಮುಗಿಯುತ್ತಿತ್ತು. ನಾಲ್ಕೂ ಕಡೆ ನಿಜವಾದ ಫೋಟೋನೇ ಬರುತ್ತಿತ್ತು. ಬ್ಲೌಸ್ ಹೊಲಿಯುವವರು ಒಳಗೆ ಬಟ್ಟೆ ಬಿಟ್ಟಿರುತ್ತಾರಲ್ಲ, ಹಾಗೆ. ಹೊಲಿಗೆ ಬಿಚ್ಚಿದರೆ ಒಂದಿಂಚು ಸಿಗುತ್ತದೆ. ಅದಕ್ಕೇ ಕೆಲಸ ಇನ್ನೂ ನಡೆಯುತ್ತಿರುವಾಗ ನಾನು ಯಾವತ್ತೂ ಅಳಿಸುವುದಿಲ್ಲ. ಗಿರಾಕಿ ‘ಸ್ವಲ್ಪ ಎಡಕ್ಕೆ ಸರಿಸಿ’ ಅನ್ನದೇ ಇರುವುದಿಲ್ಲ.

ಆದರೆ ಒಳಗೆ ಬಿಟ್ಟ ಬಟ್ಟೆಗೂ ತೂಕ ಇದೆ. 6000×4000 ಅಳತೆಯ ಒಂದು ಪದರಕ್ಕೆ, ಪಾರದರ್ಶಕತೆಯೂ ಸೇರಿ ಪಿಕ್ಸೆಲ್‌ಗೆ 4 ಬೈಟ್ ಅಂದರೆ, ಮೆಮೊರಿಯಲ್ಲಿ 96 ಎಂಬಿ ಆಯಿತು. 3508×2480ಕ್ಕೆ ಸುಮಾರು 35 ಎಂಬಿ. 96 ಎಂಬಿಯ ಐದು ಪದರ ಇದ್ದರೆ ಹಳೆಯ ಕಂಪ್ಯೂಟರ್ ಮೇಲೆ ಏಳುವುದಿಲ್ಲ.

ಇನ್ನೊಂದು, ಜಾಸ್ತಿ ಜನ ಗಮನಿಸದ್ದು. ಆಯ್ಕೆ ಏನೂ ಮಾಡದೆ `Colors → Auto → Stretch Contrast` ಒತ್ತಿದರೆ ಅದು ಇಡೀ ಪದರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಕಾಣದ ಭಾಗವನ್ನೂ ಸೇರಿಸಿ. ಒಮ್ಮೆ ಮಂಜಿನ ದಿನದ ಫೋಟೋ ಒಂದು ಪೂರಾ ಮಸುಕಾಗಿತ್ತು. ಎಷ್ಟು ಸಲ ಒತ್ತಿದರೂ ಬದಲಾಗಲಿಲ್ಲ. ಕೊನೆಗೆ ನೋಡಿದರೆ, ಕ್ರಾಪ್‌ನ ಆಚೆ ಬೆಳ್ಳಗಿನ ಆಕಾಶವೂ ಕಪ್ಪು ಕೊಡೆಯೂ ಅಡಗಿದ್ದವು. ಅತಿ ಬಿಳಿ, ಅತಿ ಕಪ್ಪು ಎರಡೂ ಈಗಾಗಲೇ ಇದೆ ಎಂದು ಗಿಂಪ್ ಸುಮ್ನೆ ಇತ್ತು. `Select → All` ಮಾಡಿದ ಮೇಲೆ ಸರಿಹೋಯಿತು, ಯಾಕೆಂದರೆ ಆ ಆಯ್ಕೆ ಕ್ಯಾನ್ವಾಸ್ ಒಳಗೆ ಮಾತ್ರ.

ಪದದ ಬಗ್ಗೆ: ನನ್ನ ಮತ ‘ಕ್ಯಾನ್ವಾಸ್ ಹೊರಗಿನ ಪಿಕ್ಸೆಲ್‌ಗಳನ್ನು ಅಳಿಸು’.

ಕುಶಾಲನಗರದಿಂದ

ವಿರಾಜಪೇಟೆ ಅಕ್ಕ ಹೇಳದೇ ಬಿಟ್ಟ ಒಂದು ಕಾರಣ ಸೇರಿಸುತ್ತೇನೆ. ನಮ್ಮದು ಸಣ್ಣ ಹೋಂಸ್ಟೇ. ಅಂಗಳದ ಫೋಟೋ ಒಂದರಲ್ಲಿ ಪಕ್ಕಕ್ಕೆ ಅತಿಥಿಗಳ ಕಾರು, ನಂಬರ್ ಪ್ಲೇಟ್ ಸಮೇತ ಇತ್ತು. ಜೊತೆಗೆ ಅವರ ಮಗು. ನಾನು ಕ್ರಾಪ್ ಮಾಡಿದೆ, ಕಾಣಿಸಲಿಲ್ಲ, ನೆಮ್ಮದಿ ಆಯಿತು. ಬೋರ್ಡ್ ಬರೆಸಲು ಆ XCF ಅನ್ನೇ ಕಳಿಸಿದೆ. ಬೋರ್ಡ್ ಮಾಡುವವರು ಅಗಲ ಸಾಲದು ಎಂದು ಕ್ಯಾನ್ವಾಸ್ ಹಿಗ್ಗಿಸಿದ್ದಾರೆ. ಪ್ರೂಫ್ ಬಂದಾಗ ಕಾರೂ ಇತ್ತು, ಮಗುವೂ ಇತ್ತು. ಅಚ್ಚಾಗುವ ಮೊದಲೇ ಕಂಡಿತು, ಇಲ್ಲದಿದ್ದರೆ ರಸ್ತೆ ಬದಿಯಲ್ಲಿ ನಿಂತಿರುತ್ತಿತ್ತು.

ಅದಕ್ಕೇ ನನಗೆ ‘ಅಡಗಿದ’ ಅನ್ನುವ ಪದವೇ ಬೇಕು. ‘ಹೊರಗುಳಿದ’ ಅಂದರೆ ಹೋಯಿತು ಅನ್ನಿಸುತ್ತದೆ. ‘ಅಡಗಿದ’ ಅಂದರೆ ಇನ್ನೂ ಇದೆ, ಯಾರಾದರೂ ಹುಡುಕಬಹುದು ಎಂದು ಗೊತ್ತಾಗುತ್ತದೆ.

ವಿರಾಜಪೇಟೆಯಿಂದ

ನಿಜ, ಅದು ಎಲ್ಲಕ್ಕಿಂತ ದೊಡ್ಡ ಕಾರಣ. ಕಳಿಸುವ ಮುಂಚೆ `Image → Duplicate` ಮಾಡಿ. ನಕಲಿನಲ್ಲಿ ಒಂದೊಂದೇ ಪದರ ಆರಿಸಿ `Layer → Layer to Image Size` ಒತ್ತಿ. ಆಚೆ ಇರುವುದೆಲ್ಲ ಹೋಗುತ್ತದೆ. ಮೂಲ ಕಡತ ನಿಮ್ಮ ಹತ್ತಿರ ಪೂರ್ತಿಯಾಗಿ ಉಳಿಯುತ್ತದೆ. ಕಳಿಸುವ ಮೊದಲು `Show All` ಹಾಕಿ ಒಮ್ಮೆ ನೋಡಿ. ಟಿಕ್ ಹಾಕಿ ಕ್ರಾಪ್ ಮಾಡಿದ್ದೇನೆ ಎಂದು ನಂಬಿ ಕೂರಬೇಡಿ. ಆ ಆಯ್ಕೆಯ ವಿವರಣೆಯಲ್ಲೇ ಬರೆದಿದೆ, ಬೀಗ ಹಾಕದ ಪದರಗಳಿಗೆ ಮಾತ್ರ ಎಂದು:

```
Discard non-locked layer data that falls out of the crop region
```

ಮಡಿಕೇರಿಯಿಂದ

ಎಲ್ಲರಿಗೂ ಧನ್ಯವಾದ. ಕುಶಾಲನಗರದವರ ಮಾತು ಓದಿ ನಮ್ಮ ಹಳೆಯ ಕಡತಗಳನ್ನೂ ತೆರೆದು ನೋಡಿದೆ. ಎರಡರಲ್ಲಿ ಕಳಿಸಬಾರದ್ದು ಇತ್ತು. ಸರಿಮಾಡಿದೆ.

ಅಕ್ಕ, ‘ಕ್ಯಾನ್ವಾಸ್ ಹೊರಗಿನ’ ಬಗ್ಗೆ ನನಗೆ ಒಂದು ಅನುಮಾನ. ಬಳಸುವವರು ಟಿಕ್ ಹಾಕುವ ಹೊತ್ತಿಗೆ ಕ್ರಾಪ್ ಇನ್ನೂ ಆಗಿರುವುದಿಲ್ಲ. ಕ್ಯಾನ್ವಾಸ್ ಇನ್ನೂ ಹಳೆಯದೇ, ಇಡೀ ಫೋಟೋದಷ್ಟು. ಅವರ ಕಣ್ಣ ಮುಂದೆ ಇರುವುದು ಈಗ ತಾನೇ ಎಳೆದ ಚೌಕ. ನೀವು ಕೊಟ್ಟ ವಿವರಣೆಯೂ ಕ್ಯಾನ್ವಾಸ್ ಅನ್ನುವುದಿಲ್ಲ, ಕ್ರಾಪ್ ಜಾಗ ಅನ್ನುತ್ತದೆ. ಅದಕ್ಕೆ ‘ಚೌಕಟ್ಟಿನ ಹೊರಗಿನ’ ಎಂದು ಬರೆಯೋಣ ಅನ್ನಿಸುತ್ತದೆ. ಕಪಾತು ನನಗೆ ತುಂಬಾ ಇಷ್ಟವಾಯಿತು ಸರ್. ಆದರೆ ಸರ್, ಕಪಾತು ಮಾಡಿದ ರೆಂಬೆ ಮತ್ತೆ ಬರುವುದಿಲ್ಲ. ಟಿಕ್ ಇಲ್ಲದ ಕ್ರಾಪ್‌ಗೆ ಅದೇ ಪದ ಇಟ್ಟರೆ ಸುಳ್ಳಾಗುತ್ತದೆ. ಕ್ರಾಪ್ ಅನ್ನು ಕ್ರಾಪ್ ಎಂದೇ ಬಿಟ್ಟಿದ್ದೇನೆ.

```
msgid "Delete cropped pixels"
msgstr "ಚೌಕಟ್ಟಿನ ಹೊರಗಿನ ಪಿಕ್ಸೆಲ್‌ಗಳನ್ನು ಅಳಿಸು"
```

ವಿವರಣೆಗೆ ಹೀಗೆ ಬರೆದಿದ್ದೇನೆ: ‘ಬೀಗ ಹಾಕದ ಪದರಗಳಲ್ಲಿ ಚೌಕಟ್ಟಿನ ಹೊರಗೆ ಬೀಳುವುದನ್ನು ತೆಗೆದುಹಾಕುತ್ತದೆ. ಗುರುತು ಹಾಕದಿದ್ದರೆ ಅದು ಕಡತದಲ್ಲೇ ಅಡಗಿ ಉಳಿಯುತ್ತದೆ.’ ಎರಡನೇ ವಾಕ್ಯ ಮೂಲದಲ್ಲಿ ಇಲ್ಲ. ನನಗೆ ಬೇಕೇ ಬೇಕು ಅನ್ನಿಸಿತು.

ಸೋಮವಾರಪೇಟೆಯಿಂದ

XCF ಉಳಿಸಿ ನೋಡಿದೆ. ವಿರಾಜಪೇಟೆಯವರು ಹೇಳಿದ ಹಾಗೇ ಇದೆ, ಇಡೀ ತೋಟ ಆಚೆ ಇತ್ತು. ಆ ಮಾತು ಒಪ್ಪಿದೆ. ಆದರೆ ಮೂಲದಲ್ಲಿ ಇಲ್ಲದ ವಾಕ್ಯ ಸೇರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನಾಳೆ ಗಿಂಪ್‌ನವರು ಈ ಆಯ್ಕೆಯ ನಡವಳಿಕೆ ಬದಲಿಸಿದರೆ ಕನ್ನಡದ ಸಾಲು ಮಾತ್ರ ತಪ್ಪು ಹೇಳುತ್ತಾ ಉಳಿಯುತ್ತದೆ. ಮೊದಲು ಇಂಗ್ಲಿಷ್ ಸಾಲನ್ನೇ ತಿದ್ದಲು ಅವರಿಗೆ ಬರೆಯಿರಿ.

ಕುಶಾಲನಗರದಿಂದ

ಅವರು ತಿದ್ದುವ ತನಕ ನಮ್ಮ ಜನ ಏನು ಓದಬೇಕು ಸರ್? ಆ ಎರಡನೇ ವಾಕ್ಯ ಇರಲಿ.